ಆಸ್ಪತ್ರೆ ದಾಖಲೆ ಮತ್ತು ತಜ್ಞ ವೈದ್ಯರ ಅಭಿಪ್ರಾಯ: ನಿರ್ಲಕ್ಷ್ಯದ ದೂರಿಗೆ ಸಾರಾಂಶ ಬರೆಯುವ ಬಗೆ

ಹುಬ್ಬಳ್ಳಿ-ಧಾರವಾಡದ ವಕೀಲರ ಕಚೇರಿಗೆ ವೈದ್ಯಕೀಯ ನಿರ್ಲಕ್ಷ್ಯದ ಕೇಸು ಬರುವುದು ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಒಳಗೆ ಎಕ್ಸ್‌ರೇ, ಮೆಡಿಕಲ್ ಶಾಪಿನ ಬಿಲ್ಲುಗಳು, ನಾಲ್ಕು ಮಡಿಕೆ ಆದ ಡಿಸ್ಚಾರ್ಜ್ ಸಮ್ಮರಿ ಇರುತ್ತವೆ. ಆಮೇಲೆ ಆಸ್ಪತ್ರೆಯಿಂದ ನೂರಾರು ಪುಟದ ಕೇಸ್ ಶೀಟ್ ಬರುತ್ತದೆ, ತಜ್ಞ ವೈದ್ಯರ ಅಭಿಪ್ರಾಯವೂ ಬರುತ್ತದೆ. ಇದನ್ನೆಲ್ಲ ಓದಿ ನಾಲ್ಕೈದು ಪುಟದ ಸಾರಾಂಶ ಮಾಡುವ ಕೆಲಸ ಬೀಳುವುದು ಜೂನಿಯರ್ ವಕೀಲರ ತಲೆಗೆ. ಈ ಬರಹ ಅವರಿಗಾಗಿ. ತಮ್ಮ ಕೇಸಿನ ಕಾಗದ ತಾವೇ ಓದಿ ನೋಡಬೇಕು ಅನ್ನುವ ದೂರುದಾರರಿಗೂ ಉಪಯೋಗಕ್ಕೆ ಬಂದೀತು.

ಸಾರಾಂಶದಲ್ಲಿ ಮೂರು ಧ್ವನಿ ಇರುತ್ತವೆ. ದಾಖಲೆ ಏನು ಹೇಳುತ್ತದೆ, ತಜ್ಞರು ಏನು ಹೇಳುತ್ತಾರೆ, ಅದರಿಂದ ನಮಗೆ ಏನು ತೋಚುತ್ತದೆ. ಈ ಮೂರೂ ಒಂದೇ ವಾಕ್ಯದಲ್ಲಿ ಸೇರಿದರೆ ಎದುರಿನ ವಕೀಲರಿಗೆ ಕೆಲಸ ಸುಲಭ. "ಡ್ಯೂಟಿ ಡಾಕ್ಟರ್ ರಾತ್ರಿಯಿಡೀ ರೋಗಿಯನ್ನು ನಿರ್ಲಕ್ಷಿಸಿದರು" ಅಂತ ಬರೆದರೆ ಅದು ಯಾರ ಮಾತು? ಯಾವ ಪುಟದಲ್ಲಿದೆ? ಎಲ್ಲೂ ಇರುವುದಿಲ್ಲ. ಹಾಗಾಗಿ ಸಾರಾಂಶದಲ್ಲಿ "ನಿರ್ಲಕ್ಷ್ಯ" ಅನ್ನುವ ಪದವನ್ನೇ ನಾನು ಬಳಸುವುದಿಲ್ಲ. ತಜ್ಞರು ಬಳಸಿದ್ದರೆ ಮಾತ್ರ, ಅವರ ಮಾತೆಂದು ಉಲ್ಲೇಖಿಸಿ ಬರೆಯುತ್ತೇನೆ.

ಒಂದು ಪ್ರಕರಣ ಹಿಡಿದುಕೊಂಡೇ ಮುಂದೆ ಹೋಗೋಣ. ಇದು ವಿವರಿಸಲೆಂದು ಕಟ್ಟಿದ ಉದಾಹರಣೆ, ಆದರೆ ಇಂಥವು ನಮ್ಮ ಕಡೆ ಅಪರೂಪವಲ್ಲ. ಬ್ಯಾಡಗಿ ತಾಲ್ಲೂಕಿನ 26 ವರ್ಷದ ಯುವಕ. ಸಂಜೆ ಮೆಣಸಿನಕಾಯಿ ಚೀಲ ಹೇರಿದ ಟ್ರೇಲರ್ ಉರುಳಿ ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಮನೆಯವರು ಮೊದಲು ಎಲುಬು ಕಟ್ಟುವವರ ಹತ್ತಿರ ಒಯ್ದರು. ಅವರು ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿ ಕಟ್ಟಿದರು. ನೋವು ತಡೆಯಲಾರದೆ ರಾತ್ರಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಕರೆತಂದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾಲಿನ ಸ್ನಾಯು ಸತ್ತಿತ್ತು. ಈಗ ಪಾದ ಮೇಲೆತ್ತಲು ಬರುವುದಿಲ್ಲ, ನಡೆಯುವಾಗ ಬೆರಳು ನೆಲಕ್ಕೆ ಒರೆಸುತ್ತವೆ.

ಇಲ್ಲಿ ಆದದ್ದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಮೊಣಕಾಲ ಕೆಳಗಿನ ಸ್ನಾಯುಗಳು ನಾಲ್ಕು ಗುಂಪುಗಳಾಗಿ, ಹಿಗ್ಗದ ಪೊರೆಯೊಳಗೆ ಇರುತ್ತವೆ. ಎಲುಬು ಮುರಿದಾಗ ಒಳಗೆ ರಕ್ತ, ಬಾವು ತುಂಬಿ ಒತ್ತಡ ಏರುತ್ತದೆ. ಸಣ್ಣ ರಕ್ತನಾಳಗಳು ಅಮುಕಿಹೋಗಿ ಸ್ನಾಯುವಿಗೆ ರಕ್ತ ಸಿಗುವುದಿಲ್ಲ. ಸುಮಾರು ಆರು ಗಂಟೆ ಹೀಗೇ ಇದ್ದರೆ ಸ್ನಾಯು ಮತ್ತೆ ಸರಿಯಾಗದ ಹಾಗೆ ಕೆಡಲು ಶುರುವಾಗುತ್ತದೆ. ಉಪಾಯ ಒಂದೇ: ಕಟ್ಟನ್ನು ಚರ್ಮದವರೆಗೆ ಪೂರ್ತಿ ಬಿಚ್ಚಿ ನೋಡುವುದು, ಕಡಿಮೆ ಆಗದಿದ್ದರೆ ಪೊರೆಯನ್ನು ಕೊಯ್ದು ಬಿಡಿಸುವುದು. ಈ ಕೊಯ್ಯುವ ಆಪರೇಷನ್ನಿಗೆ ಫೇಸಿಯಾಟಮಿ ಎಂದು ಹೆಸರು. ಇಷ್ಟು ವೈದ್ಯಕೀಯ ತಿಳಿಯದೆ ಕೇಸ್ ಶೀಟ್ ಓದಲು ಕೂತರೆ ಯಾವ ಸಾಲು ಮುಖ್ಯ ಅನ್ನುವುದೇ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ದಿನವೇ ಯಾರಾದರೂ ಪರಿಚಯದ ವೈದ್ಯರ ಹತ್ತಿರ ಅರ್ಧ ಗಂಟೆ ಕೂತು ಕಾಯಿಲೆ ತಿಳಿದುಕೊಳ್ಳಿ.

ಕಾಗದ ಪೂರ್ತಿ ತರಿಸಿ, ಪುಟಕ್ಕೆ ನಂಬರ್ ಹಾಕಿ

ಸುಮ್ನೆ "ಕೇಸ್ ಶೀಟ್ ಕೊಡ್ರಿ" ಅಂದರೆ ಡಿಸ್ಚಾರ್ಜ್ ಸಮ್ಮರಿ ಮತ್ತು ಲ್ಯಾಬ್ ರಿಪೋರ್ಟು ಕೊಟ್ಟು ಕಳಿಸುತ್ತಾರೆ. ಬೇಕಾದದ್ದನ್ನು ಹೆಸರು ಹಿಡಿದು ಬರೆದು ಕೇಳಿ: ಅಡ್ಮಿಷನ್ ನೋಟ್ಸ್, ವೈದ್ಯರ ದಿನದ ಟಿಪ್ಪಣಿ, ನರ್ಸಸ್ ನೋಟ್ಸ್, ಡ್ರಗ್ ಚಾರ್ಟ್, ಜ್ವರ-ನಾಡಿ-ಉಸಿರಾಟ ಬರೆದಿಡುವ ಟಿಪಿಆರ್ ಚಾರ್ಟ್, ಒಪ್ಪಿಗೆ ಪತ್ರಗಳು, ಅರಿವಳಿಕೆ ಚಾರ್ಟ್, ಓಟಿ ನೋಟ್ಸ್, ವಿವರವಾದ ಬಿಲ್ಲು. ರೋಗಿಯ ಸಹಿ ಇರಲಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡತೆಯ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ಕೊಡದೆ ಸತಾಯಿಸಿದರೆ ಅದೂ ಸಾರಾಂಶದಲ್ಲಿ ದಿನಾಂಕದ ಸಮೇತ ಬರುವ ಸಂಗತಿಯೇ.

ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವು ಇದೆ ಅನ್ನುವುದು ನೆನಪಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಆಸ್ಪತ್ರೆ ಹುಬ್ಬಳ್ಳಿಯದಾದರೂ ಬ್ಯಾಡಗಿಯವರು ಹಾವೇರಿಯ ಜಿಲ್ಲಾ ಆಯೋಗಕ್ಕೇ ಹೋಗಬಹುದು.

ದಾಖಲೆ ಬಂದ ಮೇಲೆ ಓದುವ ಮುಂಚೆ ಝೆರಾಕ್ಸ್ ಪ್ರತಿಗೆ 1ರಿಂದ ಕೊನೆವರೆಗೆ ಪುಟ ಸಂಖ್ಯೆ ಹಾಕಿ. ಆಮೇಲೆ ತಜ್ಞರಿಗೆ ಕೊಡುವುದು, ಆಯೋಗಕ್ಕೆ ಹಾಕುವುದು ಎಲ್ಲವೂ ಇದೇ ಸಂಖ್ಯೆಯ ಪ್ರತಿ ಆಗಿರಬೇಕು. ಇಲ್ಲದಿದ್ದರೆ ತಜ್ಞರು ಹೇಳುವ ಪುಟ 33 ಬೇರೆ, ನಿಮ್ಮ ಪುಟ 33 ಬೇರೆ ಆಗಿ ವಾದದ ದಿನ ಎಲ್ಲರೂ ಹುಡುಕಾಡುತ್ತಾ ಕೂರಬೇಕಾಗುತ್ತದೆ. ಯಾವ ಹಾಳೆ ಬಂದಿಲ್ಲ ಅನ್ನುವ ಚಿಕ್ಕ ಪಟ್ಟಿಯೂ ಈಗಲೇ ಮಾಡಿಕೊಳ್ಳಿ.

ಡಿಸ್ಚಾರ್ಜ್ ಸಮ್ಮರಿಯನ್ನು ಕೊನೆಗೆ ಓದಿ

ಎಲ್ಲರೂ ಮೊದಲು ಓದುವುದು ಅದನ್ನೇ. ಟೈಪ್ ಆಗಿರುತ್ತದೆ, ಓದಲು ಸುಲಭ. ಆದರೆ ಅದು ಎಲ್ಲಾ ಆದ ಮೇಲೆ, ಫಲಿತಾಂಶ ಗೊತ್ತಿದ್ದು ಬರೆದ ಕಾಗದ. ಮೊದಲು ಅದನ್ನು ಓದಿದರೆ ಆಸ್ಪತ್ರೆ ಹೇಳುವ ಕತೆ ತಲೆಯಲ್ಲಿ ಕೂತುಬಿಡುತ್ತದೆ, ಉಳಿದ ಪುಟಗಳನ್ನು ಅದಕ್ಕೆ ಹೊಂದಿಸಿಯೇ ಓದುತ್ತೇವೆ. ಆಯಾ ಹೊತ್ತಿನಲ್ಲಿ ಬರೆದ ಟಿಪ್ಪಣಿಗಳಿಂದ ಶುರು ಮಾಡಿ. ನಾನು ನರ್ಸಸ್ ನೋಟ್ಸ್ ಮೊದಲು ತೆಗೆಯುತ್ತೇನೆ, ಪಕ್ಕದಲ್ಲಿ ಡ್ರಗ್ ಚಾರ್ಟ್ ಇಟ್ಟುಕೊಂಡು. ವೈದ್ಯರ ಟಿಪ್ಪಣಿ ದಿನಕ್ಕೆ ಎರಡು ಸಲ ಇದ್ದರೆ ನರ್ಸುಗಳದ್ದು ಪಾಳಿ ಪಾಳಿಗೂ ಇರುತ್ತದೆ, ಗಂಟೆಯೂ ಬರೆದಿರುತ್ತಾರೆ.

ಓದುತ್ತಾ ಹೋದ ಹಾಗೆ ಒಂದು ಸಮಯದ ಪಟ್ಟಿ ಮಾಡಿ. ನಮ್ಮ ಉದಾಹರಣೆಯಲ್ಲಿ ಅದು ಹೀಗೆ ಬಂತು:

| ಸಮಯ | ದಾಖಲೆಯಲ್ಲಿ ಇರುವುದು | ಪುಟ |
|---|---|---|
| ಸಂಜೆ 6:00 | ಟ್ರೇಲರ್ ಉರುಳಿ ಪೆಟ್ಟು (ಎಂಎಲ್‌ಸಿ ಟಿಪ್ಪಣಿ) | 2 |
| ರಾತ್ರಿ 11:20 | ನಾಟಿ ಕಟ್ಟು ಬಿಚ್ಚಲಾಯಿತು. ಬಾವು ಇದೆ. ಬೆರಳು ಆಡುತ್ತವೆ, ಸ್ಪರ್ಶ ಸರಿ ಇದೆ, ನಾಡಿ ಸಿಗುತ್ತದೆ | 4 |
| 11:50 | ಪ್ಲಾಸ್ಟರ್ ಸ್ಲ್ಯಾಬ್ ಹಾಕಿ ಬ್ಯಾಂಡೇಜ್. ಡೈಕ್ಲೋಫೆನಾಕ್ ಇಂಜೆಕ್ಷನ್ | 5, 41 |
| ನಸುಕಿನ 1:30 | ಟ್ರಮಡಾಲ್ ಇಂಜೆಕ್ಷನ್ | 41 |
| 3:30 | ನರ್ಸ್: ನೋವು ಕಡಿಮೆ ಇಲ್ಲ, ಬೆರಳು ಜೋಮು. ಡ್ಯೂಟಿ ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದೆ. ಮತ್ತೆ ಟ್ರಮಡಾಲ್ | 33, 41 |
| 4:00 | "ಬ್ಯಾಂಡೇಜ್ ಸಡಿಲಿಸಿದೆ, ನಾಡಿ ಇದೆ". ಸಹಿ ಇಲ್ಲ | 9 |
| ಬೆಳಿಗ್ಗೆ 7:30 | ಡ್ಯೂಟಿ ಡಾಕ್ಟರ್: ನಾಡಿ ಇದೆ, ಬೆರಳು ಆಡುತ್ತವೆ. ಸ್ಪರ್ಶದ ಬಗ್ಗೆ ಏನೂ ಬರೆದಿಲ್ಲ | 9 |
| 9:00 | ಸರ್ಜನ್ ರೌಂಡ್ಸ್: ಕಾಲು ಎತ್ತರಿಸಿ ಇಡಿ, ರಿಪೋರ್ಟ್ ಬಂದ ಮೇಲೆ ರಾಡ್ ಆಪರೇಷನ್ | 10 |
| ಮಧ್ಯಾಹ್ನ 1:20 | ಬೆರಳು ಆಡುವುದಿಲ್ಲ. ಬ್ಯಾಂಡೇಜ್ ಪೂರ್ತಿ ಬಿಚ್ಚಿದಾಗ ಗುಳ್ಳೆಗಳು | 11 |
| 3:10 | ಫೇಸಿಯಾಟಮಿ. ಮುಂಭಾಗ ಮತ್ತು ಹೊರಮಗ್ಗುಲಿನ ಸ್ನಾಯು ಕಪ್ಪಾಗಿದೆ | 22 |

ಪಟ್ಟಿಯಲ್ಲಿ ನಿಮ್ಮ ವಿಶೇಷಣ ಒಂದೂ ಬೇಡ. "ತೀವ್ರ", "ಕೇವಲ", "ಕೊನೆಗೂ" ಇವೆಲ್ಲ ಹೊರಗೆ. ನಿರ್ಣಾಯಕವಾದ ಎರಡು ಮೂರು ಸಾಲುಗಳನ್ನು, ಇಲ್ಲಿ 11:20, 3:30 ಮತ್ತು 7:30ರ ಸಾಲುಗಳನ್ನು, ಮೂಲದಲ್ಲಿ ಹೇಗಿದೆಯೋ ಹಾಗೇ ಇಂಗ್ಲಿಷಿನಲ್ಲಿ ಪಕ್ಕಕ್ಕೆ ನಕಲು ಮಾಡಿಕೊಳ್ಳಿ. ಕನ್ನಡಕ್ಕೆ ತರುವಾಗ ಒಂದು ಅಕ್ಷರ ಅತ್ತಿತ್ತ ಆದರೂ ಅರ್ಥದ ಮೇಲೆ ಜಗಳ ಶುರುವಾಗುತ್ತದೆ.

ಡ್ರಗ್ ಚಾರ್ಟ್ ಓದುವಾಗ ಒಂದು ಎಚ್ಚರ. ವೈದ್ಯರು ಬರೆದ ಆರ್ಡರ್ ಬೇರೆ, ನರ್ಸ್ ಕೊಟ್ಟದ್ದು ಬೇರೆ. "ಎಸ್‌ಓಎಸ್" ಅಂತಿದ್ದರೆ ಬೇಕಾದರೆ ಕೊಡಿ ಎಂದರ್ಥ, ಕೊಟ್ಟರು ಎಂದಲ್ಲ. ಕೊಟ್ಟ ಗಂಟೆ ಮತ್ತು ನರ್ಸ್ ಸಹಿ ಇರುವ ಮನೆಗಳನ್ನು ಮಾತ್ರ ಪಟ್ಟಿಗೆ ತೆಗೆದುಕೊಳ್ಳಿ. ಈ ಕೇಸಿನಲ್ಲಿ ನಾಲ್ಕು ಗಂಟೆಯೊಳಗೆ ಮೂರು ನೋವಿನ ಇಂಜೆಕ್ಷನ್ ಆಗಿವೆ. ಎಲುಬು ಮುರಿದರೆ ನೋವು ಇದ್ದೇ ಇರುತ್ತದೆ, ನಿಜ. ಆದರೆ ಸ್ಲ್ಯಾಬ್ ಹಾಕಿ ಕಾಲು ಅಲುಗದ ಹಾಗೆ ಮಾಡಿದ ಮೇಲೆ ನೋವು ಇಳಿಯಬೇಕು. ಔಷಧಿ ಏರಿಸಿದಷ್ಟೂ ನೋವೂ ಏರುತ್ತಿದೆ ಅಂದರೆ ಅದು ಕಂಪಾರ್ಟ್‌ಮೆಂಟ್ ಸಿಂಡ್ರೋಮಿನ ಮೊದಲ ಗುರುತು. ಇದನ್ನು ಸಾರಾಂಶದಲ್ಲಿ ನೀವು ಹೇಳಬೇಡಿ. ತಜ್ಞರು ಹೇಳಲಿ ಅಂತ ಪ್ರಶ್ನೆಯಾಗಿ ಇಟ್ಟುಕೊಳ್ಳಿ.

ಈಗ 4:00 ಗಂಟೆಯ ಸಾಲು ನೋಡಿ. ಅದು ಪುಟ 9ರಲ್ಲಿ ಎರಡು ಸಾಲುಗಳ ನಡುವೆ ಇಕ್ಕಟ್ಟಾಗಿ ಕೂತಿದೆ. ಸಹಿ ಇಲ್ಲ. ಅಕ್ಷರ ಚಿಕ್ಕದು. ನರ್ಸಸ್ ನೋಟ್ಸಿನಲ್ಲಿ ನಾಲ್ಕು ಗಂಟೆಗೆ ಯಾವ ವೈದ್ಯರು ಬಂದ ಉಲ್ಲೇಖವೂ ಇಲ್ಲ. ಇಂಥದ್ದು ಕಂಡಾಗ "ದಾಖಲೆ ತಿದ್ದಿದ್ದಾರೆ" ಅಂತ ಬರೆಯುವ ಆಸೆ ಬರುತ್ತದೆ, ಅಲ್ವಾ? ಬರೆಯಬೇಡಿ. ರಾತ್ರಿ ಗಡಿಬಿಡಿಯಲ್ಲಿ ಮರೆತು ಆಮೇಲೆ ಪ್ರಾಮಾಣಿಕವಾಗಿಯೇ ಬರೆದಿರಲೂಬಹುದು. ಸಾರಾಂಶದಲ್ಲಿ ಕಣ್ಣಿಗೆ ಕಂಡದ್ದಷ್ಟೇ ಇರಲಿ: "ಪುಟ 9ರ 4:00 ಗಂಟೆಯ ನಮೂದು ಎರಡು ಸಾಲುಗಳ ನಡುವೆ ಇದೆ, ಸಹಿ ಇಲ್ಲ, ಅದೇ ಹೊತ್ತಿನ ನರ್ಸಸ್ ನೋಟ್ಸಿನಲ್ಲಿ (ಪುಟ 33) ವೈದ್ಯರ ಭೇಟಿಯ ನಮೂದಿಲ್ಲ, ಮೂಲ ಪ್ರತಿ ನೋಡಬೇಕು." ಝೆರಾಕ್ಸಿನಲ್ಲಿ ಶಾಯಿಯ ಬಣ್ಣ ಗೊತ್ತಾಗುವುದಿಲ್ಲ. ಮೂಲವನ್ನು ಹಾಜರುಪಡಿಸಲು ಆಯೋಗದ ಮೂಲಕ ಕೇಳಬೇಕು.

ಸಮಯದ ಬಗ್ಗೆ ಸಂಶಯ ಬಂದ ಕಡೆಯಲ್ಲೆಲ್ಲ ಆಸ್ಪತ್ರೆಯವರು ಕೇಸಿಗಾಗಿ ಬರೆಯದ ಕಾಗದ ಹುಡುಕಿ. ಎಕ್ಸ್‌ರೇ ಮೇಲೆ ಯಂತ್ರವೇ ಮುದ್ರಿಸಿದ ಗಂಟೆ, ಫಾರ್ಮಸಿ ಬಿಲ್ಲಿನ ಗಂಟೆ, ಲ್ಯಾಬಿಗೆ ಸ್ಯಾಂಪಲ್ ಹೋದ ಗಂಟೆ. ಇವು ಸುಳ್ಳು ಹೇಳುವ ಸಂಭವ ಕಡಿಮೆ, ಗಡಿಯಾರ ತಪ್ಪಿದ್ದರೆ ಮಾತ್ರ.

ಕೊನೆಗೆ ಡಿಸ್ಚಾರ್ಜ್ ಸಮ್ಮರಿ ತೆಗೆಯಿರಿ. ನಮ್ಮ ಕೇಸಿನಲ್ಲಿ ಅದು ಹೀಗೆ ಹೇಳುತ್ತದೆ: ರೋಗಿ ಬಿಗಿಯಾದ ನಾಟಿ ಕಟ್ಟಿನೊಂದಿಗೆ ತಡವಾಗಿ ಬಂದರು, ಬರುವಾಗಲೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಆಗಿತ್ತು, ಕೂಡಲೇ ಫೇಸಿಯಾಟಮಿ ಮಾಡಲಾಯಿತು. ಪುಟ 4ಕ್ಕೆ ಹಿಂದೆ ಹೋಗಿ. ರಾತ್ರಿ 11:20ಕ್ಕೆ ಅದೇ ಆಸ್ಪತ್ರೆಯ ವೈದ್ಯರು ಕಟ್ಟು ಬಿಚ್ಚಿ ನೋಡಿ ಬೆರಳು ಆಡುತ್ತವೆ, ಸ್ಪರ್ಶ ಸರಿ ಇದೆ ಎಂದು ಬರೆದಿದ್ದಾರೆ. "ಕೂಡಲೇ" ಎನ್ನುವ ಆಪರೇಷನ್ ಆದದ್ದು ಮರುದಿನ 3:10ಕ್ಕೆ. ಇಡೀ ಕೇಸ್ ಶೀಟಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಜೋಡಿ ಪುಟ ಸಿಗಲಿಕ್ಕಿಲ್ಲ. ಸಾರಾಂಶದಲ್ಲಿ ಎರಡನ್ನೂ ಅಕ್ಕಪಕ್ಕ ಇಡಿ, ಟೀಕೆ ಏನೂ ಸೇರಿಸಬೇಡಿ.

ಮನೆಯವರ ಮಾತಿಗೆ ಬೇರೆ ಜಾಗ

ಹುಡುಗನ ತಂದೆ ಹೇಳುತ್ತಾರೆ: "ರಾತ್ರಿ ಪೂರ್ತಿ ಒದರ್‍ಯಾನ್ರಿ ಸಾಹೇಬ್ರ. ಸಿಸ್ಟರ್ ಒಬ್ರ ಬಂದು ಸೂಜಿ ಮಾಡಿ ಹೋದ್ರು, ಡಾಕ್ಟರ್ ಬೆಳಗಾದ ಮ್ಯಾಲ ಬಂದ್ರು." ಇದು ಅಫಿಡವಿಟ್ಟಿಗೆ ಹೋಗುವ ಸಾಕ್ಷ್ಯ, ಆಸ್ಪತ್ರೆ ದಾಖಲೆಯಲ್ಲ. ಸಾರಾಂಶದಲ್ಲಿ ಪ್ರತ್ಯೇಕ ತಲೆಬರಹದಡಿ ಬರೆಯಿರಿ, ಯಾವ ಪುಟದ ನಮೂದಿಗೆ ಅದು ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಅನ್ನುವುದನ್ನೂ ಹೇಳಿ. ಇಲ್ಲಿ ತಂದೆಯ ಮಾತು 3:30ರ ನಮೂದಿಗೆ ಹೊಂದುತ್ತದೆ, 4:00ರ ಸಾಲಿಗೆ ಹೊಂದುವುದಿಲ್ಲ.

ಎಲುಬು ಕಟ್ಟುವವರ ಹತ್ತಿರ ಹೋದ ವಿಷಯವನ್ನು ಮನೆಯವರು ಮುಚ್ಚಿಡಲು ನೋಡುತ್ತಾರೆ. ಕೇಸು ಬಿದ್ದುಹೋಗುತ್ತದೆ ಎಂಬ ಹೆದರಿಕೆ. ಪುಟ 4ರಲ್ಲಿ ಅದು ಇದ್ದೇ ಇದೆ, ಹಾಗಾಗಿ ಮುಚ್ಚಿಟ್ಟು ಲಾಭವಿಲ್ಲ. ಎಷ್ಟು ಹೊತ್ತಿಗೆ ಕಟ್ಟಿದರು, ಎಷ್ಟು ಬಿಗಿ ಇತ್ತು, ಕಟ್ಟಿದ ಮೇಲೆ ಜೋಮು ಹಿಡಿದಿತ್ತೇ ಅಂತ ಬಿಡಿಸಿ ಕೇಳಿ ಬರೆದುಕೊಳ್ಳಿ. ಎದುರಿನವರ ತಕರಾರಿನಲ್ಲಿ ಇದೇ ಮೊದಲ ಅಂಶವಾಗಿ ಬರುತ್ತದೆ.

ತಜ್ಞರ ಅಭಿಪ್ರಾಯ: ಮೊದಲು ಅವರು ನೋಡಿದ ಕಾಗದ ಯಾವುದು

ಅಭಿಪ್ರಾಯ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಕೊನೆಯ ಪ್ಯಾರಾಕ್ಕೆ ಹೋಗುತ್ತದೆ. ನೀವು ಮೊದಲ ಪುಟ ನೋಡಿ. ಯಾವ ಯಾವ ದಾಖಲೆ ಓದಿ ಈ ಅಭಿಪ್ರಾಯ ಕೊಟ್ಟಿದ್ದಾರೆ? ರೋಗಿಯನ್ನು ಸ್ವತಃ ಪರೀಕ್ಷಿಸಿದ್ದಾರೆಯೇ? ಅವರ ವಿಷಯ ಇದೇನಾ? ಮೂಳೆ ರೋಗದ ಪ್ರಶ್ನೆಗೆ ಜನರಲ್ ಸರ್ಜನ್ ಹೇಳಿದ್ದರೆ ತೂಕ ಸ್ವಲ್ಪ ಇಳಿಯುತ್ತದೆ. ಅಭಿಪ್ರಾಯ ಕೊಟ್ಟವರು ಪ್ರಮಾಣ ಮಾಡಿ ಅಫಿಡವಿಟ್ ಹಾಕಲು ತಯಾರಿದ್ದಾರೋ ಇಲ್ಲವೋ ಅದನ್ನೂ ಕೇಳಿ ಗುರುತು ಹಾಕಿಕೊಳ್ಳಿ. ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದು ಕೊಟ್ಟು ಮುಂದೆ ಬರದೇ ಇರುವವರು ನಮ್ಮ ಕಡೆ ಬಹಳ. ಒಂದೇ ಊರಿನ ವೈದ್ಯರು ಒಬ್ಬರ ಮೇಲೊಬ್ಬರು ಹೇಳಲು ಹಿಂಜರಿಯುತ್ತಾರೆ. ಹಾಗಾಗಿ ಹುಬ್ಬಳ್ಳಿಯ ಕೇಸಿಗೆ ತಜ್ಞರನ್ನು ಹೊರಗಿನ ಜಿಲ್ಲೆಯಲ್ಲಿ ಹುಡುಕುವುದೇ ವಾಸಿ.

ಉದಾಹರಣೆಯಲ್ಲಿ ಎರಡು ಅಭಿಪ್ರಾಯಗಳಿವೆ.

ದೂರುದಾರರ ಕಡೆಯವರು ನಿವೃತ್ತ ಮೂಳೆ ರೋಗ ಪ್ರಾಧ್ಯಾಪಕರು. ಪುಟ 1ರಿಂದ 64 ಎಲ್ಲವನ್ನೂ ಓದಿದ್ದಾರೆ. ಅವರ ಮಾತು: ಮುರಿದ ಕಾಲಿಗೆ ಸ್ಲ್ಯಾಬ್ ಹಾಕಿದ ಮೇಲೂ ನೋವು ಏರುತ್ತಿದ್ದರೆ, ಬೆರಳು ಜೋಮು ಹಿಡಿದರೆ, ವೈದ್ಯರು ಬಂದು ಬ್ಯಾಂಡೇಜನ್ನು ಚರ್ಮದವರೆಗೆ ಬಿಚ್ಚಿ ನೋಡಬೇಕು. ಬೆರಳುಗಳನ್ನು ಕೈಯಿಂದ ಬಗ್ಗಿಸಿದಾಗ ನೋವು ಚಿಮ್ಮುತ್ತದೆಯೇ ಎಂದು ಪರೀಕ್ಷಿಸಬೇಕು. ಹಿರಿಯ ಸರ್ಜನ್‌ಗೆ ಕೂಡಲೇ ತಿಳಿಸಬೇಕು. ಫೋನಿನಲ್ಲಿ ನೋವಿನ ಇಂಜೆಕ್ಷನ್ ಹೇಳಿದ್ದು ಸಾಲದು.

ಆಸ್ಪತ್ರೆ ಕಡೆಯವರು ಬೇರೊಂದು ಊರಿನ ಮೂಳೆ ಸರ್ಜನ್. ಅವರ ಮಾತು: ಎಲುಬು ಮುರಿದಾಗ ನೋವು ಸಹಜ, 7:30ಕ್ಕೂ ನಾಡಿ ಸಿಗುತ್ತಿತ್ತು, ಬೆರಳು ಆಡುತ್ತಿದ್ದವು, ಹೀಗಿರುವಾಗ ಕಾದು ನೋಡುವುದು ಒಪ್ಪುವಂಥ ವೈದ್ಯಕೀಯ ಪದ್ಧತಿಯೇ. ಕೆಟ್ಟದ್ದಕ್ಕೆ ಕಾರಣ ನಾಟಿ ಕಟ್ಟು. ಅವರು ನೋಡಿದ ಕಾಗದಗಳ ಪಟ್ಟಿಯಲ್ಲಿ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಓಟಿ ನೋಟ್ಸ್, ವೈದ್ಯರ ಟಿಪ್ಪಣಿ ಇವೆ. ನರ್ಸಸ್ ನೋಟ್ಸ್ ಇಲ್ಲ. ಅಂದರೆ 3:30ರ ಜೋಮಿನ ನಮೂದನ್ನು ಅವರು ನೋಡಿದಂತಿಲ್ಲ.

ಈ ಎರಡನೆಯದನ್ನು ಸಾರಾಂಶಕ್ಕೆ ತರುವಾಗ ಬಹಳ ಜನ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ತಪ್ಪು. ಎದುರಿನ ಅಭಿಪ್ರಾಯವನ್ನು ಅದರ ಪೂರ್ತಿ ಬಲದೊಂದಿಗೆ ಬರೆಯಬೇಕು, ಯಾಕೆಂದರೆ ವೈದ್ಯಕೀಯ ನಿರ್ಲಕ್ಷ್ಯದ ಕಾನೂನು ನಿಂತಿರುವುದೇ ಅದರ ಮೇಲೆ. 1957ರ ಇಂಗ್ಲೆಂಡಿನ ಬೋಲಂ ತೀರ್ಪಿನ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಒಪ್ಪಿಕೊಂಡಿತು. ಆ ವಿಷಯದಲ್ಲಿ ಸಾಮಾನ್ಯ ಮಟ್ಟದ ಕೌಶಲ ಇರುವ ವೈದ್ಯರು ಮಾಡುವಷ್ಟು ಮಾಡಿದರೆ ಸಾಕು, ಅತಿ ನಿಪುಣರ ಮಟ್ಟ ಬೇಕಿಲ್ಲ. ಒಪ್ಪಿತವಾದ ಎರಡು ಪದ್ಧತಿಗಳಿದ್ದು ವೈದ್ಯರು ಒಂದನ್ನು ಹಿಡಿದರೆ, ಇನ್ನೊಂದು ಚೆನ್ನಾಗಿತ್ತು ಅನ್ನುವ ಕಾರಣಕ್ಕೆ ತಪ್ಪಿತಸ್ಥರಾಗುವುದಿಲ್ಲ. ಆದ್ದರಿಂದ ನಿಜವಾದ ಪ್ರಶ್ನೆ ಇದು: ಜೋಮು ಬಂದ ಮೇಲೂ ಬಿಚ್ಚಿ ನೋಡದೆ ಕಾಯುವ ಪದ್ಧತಿ ಅಂತ ಒಂದು ಇದೆಯೇ? ಎರಡನೇ ತಜ್ಞರು "ನೋವು ಇದ್ದಾಗ ಕಾಯಬಹುದು" ಎಂದಿದ್ದಾರೆ. "ಜೋಮು ಇದ್ದಾಗಲೂ ಕಾಯಬಹುದು" ಎಂದಿಲ್ಲ. ಸಾರಾಂಶದಲ್ಲಿ ಈ ಅಂತರ ಕಾಣಿಸಬೇಕು.

ನಾಡಿಯ ವಿಷಯವೂ ಹಾಗೆಯೇ. ಸ್ನಾಯುವನ್ನು ಕೊಲ್ಲುವ ಒತ್ತಡ ದೊಡ್ಡ ರಕ್ತನಾಳ ಮುಚ್ಚಲು ಬೇಕಾದ ಒತ್ತಡಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಒಳಗೆ ಸ್ನಾಯು ಸಾಯುತ್ತಿದ್ದರೂ ಪಾದದ ನಾಡಿ ಸಿಗುತ್ತಲೇ ಇರುತ್ತದೆ. ನಾಡಿ ಹೋಗುವುದು ಬಹಳ ತಡವಾದ ಗುರುತು. ಇದು ಮೂಳೆ ರೋಗದ ಪಠ್ಯಪುಸ್ತಕಗಳಲ್ಲೇ ಇರುವ ಮಾತು. ತಜ್ಞರಿಂದ ಪುಸ್ತಕದ ಹೆಸರು, ಪುಟದ ಸಮೇತ ಹೇಳಿಸಿ. ಬ್ರಿಟಿಷ್ ಮೂಳೆ ವೈದ್ಯರ ಸಂಘದ ಮಾರ್ಗಸೂಚಿ ಇದೆ ಅಂತ ಕೆಲವರು ಅದನ್ನೇ ಅಂಟಿಸುತ್ತಾರೆ. "ಅದು ಬ್ರಿಟನ್ನಿನದು, ಇಲ್ಲಿನ ಮಟ್ಟ ಬೇರೆ" ಎಂಬ ಉತ್ತರ ಕೂಡಲೇ ಬರುತ್ತದೆ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಓದಿಸುವ ಪುಸ್ತಕದಲ್ಲೇ ಇದ್ದರೆ ಆ ಉತ್ತರ ನಿಲ್ಲುವುದಿಲ್ಲ.

ಚಿಕಿತ್ಸೆಯ ಮಟ್ಟದ ಬಗ್ಗೆ ಬರೆಯುವ ಪ್ಯಾರಾ

ಇಡೀ ಸಾರಾಂಶದ ತಿರುಳು ಇದೇ. ಒಂದು ಆರೋಪಕ್ಕೆ ಒಂದು ಪ್ಯಾರಾ ಮಾಡಿ. ಪ್ರತಿಯೊಂದರಲ್ಲೂ ಆ ಗಂಟೆಗೆ ವೈದ್ಯರಿಗೆ ಗೊತ್ತಿದ್ದದ್ದು ಏನು, ಆಗ ಮಾಡಬೇಕಾದದ್ದು ಏನು ಎಂದು ಯಾರು ಹೇಳಿದ್ದಾರೆ, ದಾಖಲೆಯ ಪ್ರಕಾರ ಮಾಡಿದ್ದು ಏನು, ಎದುರಿನ ತಜ್ಞರ ಉತ್ತರ ಏನು ಎಂಬುದು ಈ ಕ್ರಮದಲ್ಲಿ ಬರಲಿ. ಮಧ್ಯಾಹ್ನ 3:10ಕ್ಕೆ ಗೊತ್ತಾದದ್ದನ್ನು ನಸುಕಿನ 3:30ರ ವೈದ್ಯರ ತಲೆಯಲ್ಲಿ ಇಡಬಾರದು. ಮಾದರಿ ಇದು:

"ನಸುಕಿನ 3:30ಕ್ಕೆ ನೋವು ಕಡಿಮೆಯಾಗದೆ ಬೆರಳು ಜೋಮು ಹಿಡಿದ ವಿಷಯ ಡ್ಯೂಟಿ ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದೆ ಎಂದು ನರ್ಸ್ ದಾಖಲಿಸಿದ್ದಾರೆ (ಪು. 33). ಈ ಹಂತದಲ್ಲಿ ವೈದ್ಯರು ಖುದ್ದು ಬಂದು ಬ್ಯಾಂಡೇಜನ್ನು ಪೂರ್ತಿ ಬಿಚ್ಚಿ ಪರೀಕ್ಷಿಸಬೇಕಿತ್ತು, ಅದು ಯಾವುದೇ ಮೂಳೆ ಚಿಕಿತ್ಸಾ ಘಟಕದ ಸಾಮಾನ್ಯ ಕ್ರಮ ಎಂದು ದೂರುದಾರರ ತಜ್ಞರು ಹೇಳಿದ್ದಾರೆ (ಅಭಿಪ್ರಾಯದ ಪ್ಯಾರಾ 7). ಸಹಿ ಇರುವ ಮುಂದಿನ ವೈದ್ಯರ ಟಿಪ್ಪಣಿ 7:30ರದ್ದು (ಪು. 9). 4:00 ಗಂಟೆಯ ಸಹಿಯಿಲ್ಲದ ನಮೂದನ್ನು ನಂಬಿದರೂ ಬ್ಯಾಂಡೇಜ್ ಸಡಿಲಿಸಿದ್ದಷ್ಟೇ ಕಾಣುತ್ತದೆ, ಪೂರ್ತಿ ಬಿಚ್ಚಿದ ದಾಖಲೆ 1:20ರವರೆಗೆ ಇಲ್ಲ. ಬೆರಳು ಬಗ್ಗಿಸಿ ನೋಡಿದ ದಾಖಲೆ ಎಲ್ಲೂ ಇಲ್ಲ. ಎದುರುದಾರರ ತಜ್ಞರು ನೋವು ಮತ್ತು ನಾಡಿಯ ಬಗ್ಗೆ ಹೇಳಿದ್ದಾರೆ, ಜೋಮಿನ ಬಗ್ಗೆ ಹೇಳಿಲ್ಲ. ಅವರು ಓದಿದ ಕಾಗದಗಳಲ್ಲಿ ಪು. 33 ಸೇರಿಲ್ಲ."

"ದಾಖಲೆ ಇಲ್ಲ" ಅಂತ ಬರೆದಿದ್ದೇನೆ, "ಮಾಡಿಲ್ಲ" ಅಂತಲ್ಲ. ವೈದ್ಯರು ಮಾಡಿ ಬರೆಯದೇ ಬಿಟ್ಟಿರಬಹುದು. ಬರೆಯದ್ದನ್ನು ಮಾಡಿಲ್ಲವೆಂದು ತೀರ್ಮಾನಿಸುವ ಅಧಿಕಾರ ಆಯೋಗಕ್ಕಿದೆ, ಸಾರಾಂಶ ಬರೆಯುವವರಿಗಿಲ್ಲ.

ಬಲವಿಲ್ಲದ ಆರೋಪಗಳನ್ನೂ ಬಲವಿಲ್ಲ ಎಂದೇ ಬರೆಯಿರಿ. 9:00 ಗಂಟೆಗೆ ಸರ್ಜನ್ ಕಾಲು ಎತ್ತರಿಸಿ ಇಡಲು ಹೇಳಿದ್ದನ್ನು ನಮ್ಮ ತಜ್ಞರು ತಪ್ಪೆಂದಿದ್ದಾರೆ. ಒತ್ತಡ ಏರಿದ ಕಾಲನ್ನು ಹೃದಯದ ಮಟ್ಟಕ್ಕಿಂತ ಮೇಲಿಟ್ಟರೆ ರಕ್ತ ಇನ್ನೂ ಕಡಿಮೆ ಹೋಗುತ್ತದೆ, ಅದು ಸರಿ. ಆದರೆ ಒತ್ತಡದ ಸಂಶಯವೇ ಬಾರದ ಮುರಿತಕ್ಕೆ ಬಾವು ಇಳಿಯಲು ಕಾಲು ಎತ್ತರಿಸುವುದು ದಿನನಿತ್ಯದ ಕ್ರಮ. ಹಾಗಾಗಿ ಇದು ತನ್ನಷ್ಟಕ್ಕೆ ನಿಲ್ಲುವ ಆರೋಪವಲ್ಲ. ನಿಜವಾದ ಪ್ರಶ್ನೆ, 3:30ರ ಜೋಮಿನ ವಿಷಯ 9:00ರ ಹೊತ್ತಿಗೆ ಸರ್ಜನ್‌ಗೆ ಯಾರಾದರೂ ಹೇಳಿದ್ದರೇ ಅನ್ನುವುದು. ಹೇಳಿದ್ದರೆ ಸರ್ಜನ್ ಉತ್ತರಿಸಬೇಕು, ಹೇಳದಿದ್ದರೆ ಪಾಳಿ ಬದಲಾಗುವಾಗ ಮಾಹಿತಿ ದಾಟಿಸುವ ಆಸ್ಪತ್ರೆಯ ವ್ಯವಸ್ಥೆ ಉತ್ತರಿಸಬೇಕು. ಅದೇ ರೀತಿ 1:20ರಿಂದ 3:10ರವರೆಗಿನ ಒಂದು ಗಂಟೆ 50 ನಿಮಿಷವನ್ನೂ ಆರೋಪ ಮಾಡಲು ಹೋಗಬೇಡಿ. ಅರಿವಳಿಕೆ ವೈದ್ಯರು ಬರಬೇಕು, ಓಟಿ ತಯಾರಾಗಬೇಕು. ಅದರ ಮೇಲೆ ಕೂತರೆ ಹಿಂದಿನ ಹತ್ತು ಗಂಟೆಯ ಮೇಲಿನ ಗಮನ ಹೋಗುತ್ತದೆ.

ಒಪ್ಪಿಗೆ ಪತ್ರದ ಬಗ್ಗೆ ಒಂದು ಮಾತು ಸಾಕು. ಫೇಸಿಯಾಟಮಿಗೆ ಬರೆಸಿದ ಒಪ್ಪಿಗೆ ಯಾವ ಭಾಷೆಯಲ್ಲಿದೆ, ಎಷ್ಟು ಗಂಟೆಗೆ, ಸಹಿ ಯಾರದ್ದು ನೋಡಿ. ಒಪ್ಪಿಗೆಯ ವಿಷಯವೇ ಮುಖ್ಯವಾದ ಕೇಸುಗಳಿಗೆ 2008ರ ಸಮಿರಾ ಕೊಹ್ಲಿ ತೀರ್ಪು ಇದೆ, ಈ ಕೇಸು ಅದಲ್ಲ.

ಕಾರಣ ಬೇರೆ ಪ್ಯಾರಾ

ಮಟ್ಟ ತಪ್ಪಿತು ಎಂದಾದರೂ, ಆ ತಪ್ಪಿನಿಂದಲೇ ಹಾನಿ ಆಯಿತೇ ಎಂಬುದು ಬೇರೆ ಪ್ರಶ್ನೆ. ಎರಡನ್ನೂ ಬೆರೆಸಿದ ಸಾರಾಂಶಗಳೇ ಹೆಚ್ಚು. ನಮ್ಮ ಕೇಸಿನಲ್ಲಿ ಮೂರು ಸಂಗತಿ ಒಂದೆಡೆ ಇಡಬೇಕು. 11:20ಕ್ಕೆ ಸ್ಪರ್ಶ, ಚಲನೆ ಸರಿ ಇದ್ದವು ಅಂದರೆ ಸ್ನಾಯು ಆಗ ಬದುಕಿತ್ತು ಎಂದು ಹೇಳಲು ಆಧಾರವಿದೆ. ಜೋಮು ಮೊದಲು ದಾಖಲಾದದ್ದು 3:30ಕ್ಕೆ, ಪೊರೆ ಕೊಯ್ದದ್ದು 11 ಗಂಟೆ 40 ನಿಮಿಷದ ನಂತರ. ಸತ್ತದ್ದು ಮುಂಭಾಗ ಮತ್ತು ಹೊರಮಗ್ಗುಲಿನ ಸ್ನಾಯು, ಪಾದ ಮೇಲೆತ್ತುವ ಸ್ನಾಯುಗಳು ಮುಂಭಾಗದಲ್ಲೇ ಇರುವುದು, ಈಗಿನ ತೊಂದರೆಯೂ ಅದೇ.

ಇದರ ಜೊತೆಗೆ ನಮ್ಮ ತಜ್ಞರೇ ಒಪ್ಪಿಕೊಂಡದ್ದನ್ನೂ ಬರೆಯಬೇಕು: ಆರಕ್ಕೆ ಪೆಟ್ಟಾಗಿ ನಾಟಿ ಕಟ್ಟಿನಲ್ಲಿ ಕೆಲ ಗಂಟೆ ಕಳೆದಿದ್ದರಿಂದ ಒಂದಷ್ಟು ಹಾನಿ ಮೊದಲೇ ಶುರುವಾಗಿರಬಹುದು, ಬೇಗ ಕೊಯ್ದಿದ್ದರೂ ಕಾಲು ಪೂರ್ತಿ ಮೊದಲಿನಂತೆ ಆಗುತ್ತಿತ್ತು ಎಂದು ಹೇಳಲಾಗದು. ಈ ವಾಕ್ಯ ಬಿಟ್ಟು ಸಾರಾಂಶ ಮಾಡಿದರೆ ಎದುರಿನವರು ನಮ್ಮ ತಜ್ಞರಿಗೆ ಕೊಡುವ ಲಿಖಿತ ಪ್ರಶ್ನಾವಳಿಯಲ್ಲಿ ಇದನ್ನೇ ಎತ್ತುತ್ತಾರೆ, ಆಗ ತಜ್ಞರ ಉಳಿದ ಮಾತಿನ ಮೇಲೂ ಅನುಮಾನ ಬೀಳುತ್ತದೆ.

ಪೊಲೀಸ್ ಕಡೆಯ ಅಭಿಪ್ರಾಯ ಬಂದಿದ್ದರೆ

ಮನೆಯವರು ಠಾಣೆಗೂ ಹೋಗಿದ್ದರೆ ಸರ್ಕಾರಿ ವೈದ್ಯರ ಸಮಿತಿಯ ವರದಿ ಫೈಲಿನಲ್ಲಿರುತ್ತದೆ. ಹಲವು ಸಲ ಅದು ಒಂದೇ ಸಾಲು: ನಿರ್ಲಕ್ಷ್ಯ ಕಂಡುಬಂದಿಲ್ಲ. ಅದನ್ನು ಬಚ್ಚಿಡಬೇಡಿ, ಹೆದರಲೂ ಬೇಡಿ. ಕ್ರಿಮಿನಲ್ ಹೊಣೆಗೆ ನಿರ್ಲಕ್ಷ್ಯ ಬಹಳ ಗಂಭೀರ ಮಟ್ಟದ್ದಾಗಿರಬೇಕು ಎಂದು ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. ಗ್ರಾಹಕರ ಆಯೋಗದ ಮುಂದೆ ಅಷ್ಟು ಬೇಕಿಲ್ಲ. ಸಾರಾಂಶದಲ್ಲಿ ಸಮಿತಿಗೆ ಕೇಳಿದ ಪ್ರಶ್ನೆ ಯಾವುದು, ಯಾವ ದಾಖಲೆ ನೋಡಿದರು, ಕಾರಣ ಕೊಟ್ಟಿದ್ದಾರೆಯೇ ಎಂದು ಬರೆಯಿರಿ. ಕಾರಣ ಕೊಡದಿದ್ದರೆ "ವರದಿಯಲ್ಲಿ ಕಾರಣ ಇಲ್ಲ" ಎಂದರೆ ಸಾಕು.

ತಜ್ಞರೇ ಸಿಗದ ಕೇಸುಗಳೂ ಇರುತ್ತವೆ. 2010ರ ವಿ. ಕಿಶನ್ ರಾವ್ ತೀರ್ಪಿನಲ್ಲಿ, ಪ್ರತಿ ಗ್ರಾಹಕ ದೂರಿಗೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹೊಟ್ಟೆಯೊಳಗೆ ಹತ್ತಿಬಟ್ಟೆ ಬಿಟ್ಟ ಥರದ ಕೇಸಿಗೆ ಅದು ಸಾಕಾಗುತ್ತದೆ. ನಮ್ಮ ಉದಾಹರಣೆಯಂಥ, ಗಂಟೆಗಳ ಲೆಕ್ಕದ ಮೇಲೆ ನಿಂತ ಕೇಸಿಗೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ತಜ್ಞರಿಗೆ ವಾಪಸ್ ಕಳಿಸಿ

ಕರಡು ಮುಗಿದ ಮೇಲೆ ತಜ್ಞರ ಬಗ್ಗೆ ಬರೆದ ಭಾಗವನ್ನು ಅವರಿಗೇ ಕಳಿಸಿ, ತಮ್ಮ ಮಾತು ಸರಿಯಾಗಿ ಬಂದಿದೆಯೇ ನೋಡಲು ಹೇಳಿ. ಅಭಿಪ್ರಾಯ ಬದಲಿಸಲು ಹೇಳಬೇಡಿ. ಬಿಟ್ಟುಹೋದ ಪ್ರಶ್ನೆ ಇದ್ದರೆ ಬರಹದಲ್ಲಿ ಕೇಳಿ. ಈ ಕೇಸಿನಲ್ಲಿ ಎರಡು ಉಳಿದಿವೆ: 7:30ಕ್ಕೆ ಬೆರಳು ಆಡುತ್ತಿದ್ದವು ಎಂಬ ನಮೂದು 3:30ರ ಸಂಶಯವನ್ನು ಕಳೆಯುತ್ತದೆಯೇ? ಆ ಹೊತ್ತಿಗೆ ಕೊಯ್ದಿದ್ದರೆ ಸ್ನಾಯು ಎಷ್ಟರ ಮಟ್ಟಿಗೆ ಉಳಿಯುವ ಸಂಭವ ಇತ್ತು?

ಎದುರಿನ ತಜ್ಞರಿಗೆ ಕೊಡುವ ಲಿಖಿತ ಪ್ರಶ್ನಾವಳಿಯೂ ಇದೇ ಸಾರಾಂಶದಿಂದ ಹುಟ್ಟುತ್ತದೆ. ಮೊದಲ ಪ್ರಶ್ನೆ, ಪುಟ 33 ನಿಮಗೆ ತೋರಿಸಿದ್ದರೇ. ಎರಡನೆಯದು, ಅದನ್ನು ಈಗ ಓದಿದ ಮೇಲೂ ನಿಮ್ಮ ಅಭಿಪ್ರಾಯ ಅದೇನಾ. ಮೂರನೆಯದು, ನಿಮ್ಮ ಆಸ್ಪತ್ರೆಯಲ್ಲಿ ಇದೇ ಫೋನು ನಸುಕಿನ 3:30ಕ್ಕೆ ಬಂದಿದ್ದರೆ ಡ್ಯೂಟಿ ಡಾಕ್ಟರ್ ಏನು ಮಾಡಬೇಕೆಂದು ನೀವು ಬಯಸುತ್ತೀರಿ.